ವಾರಕ್ಕೆ ನಾಲ್ಕು ಮಾತ್ರೆ

ಅಮ್ಮನಿಗೆ ಬೆಳಗ್ಗೆ ಎದ್ದರೆ ಕಾಫಿ ಲೋಟ ಹಿಡಿಯುವುದೂ ಕಷ್ಟವಾಗಿತ್ತು. ಬೆರಳಿನ ಗಂಟುಗಳು ಊದಿಕೊಂಡು ಕೆಂಪಗಾಗಿದ್ದವು. ಫ್ರಾನ್ಸಿನ ತುಲೂಸ್‌ನಲ್ಲಿ ನಮ್ಮ ಮನೆಗೆ ಹತ್ತಿರದ ಕೀಲುರೋಗದ ಡಾಕ್ಟರು ರಕ್ತ ಪರೀಕ್ಷೆ, ಎಕ್ಸ್‌ರೇ ಎಲ್ಲ ಮಾಡಿಸಿ ರುಮಟಾಯ್ಡ್ ಸಂಧಿವಾತ ಎಂದರು. ಮೆಥೊಟ್ರೆಕ್ಸೇಟ್ ಬರೆದುಕೊಟ್ಟರು. ವಾರಕ್ಕೆ ಒಂದು ಸಲ, 10 ಮಿಲಿಗ್ರಾಂ. ಔಷಧದ ಅಂಗಡಿಯಲ್ಲಿ ಸಿಕ್ಕಿದ್ದು ಎರಡೂವರೆ ಮಿಲಿಗ್ರಾಮಿನ ಹಳದಿ ಮಾತ್ರೆಗಳು. ಅಂದರೆ ಒಂದು ಸಲಕ್ಕೆ ನಾಲ್ಕು.

ಕೌಂಟರಿನ ಹಿಂದಿದ್ದ ಫಾರ್ಮಸಿಸ್ಟ್ ಹೆಂಗಸು ತಾಳ್ಮೆಯಿಂದ ಎಲ್ಲ ವಿವರಿಸಿದರು. ನಾನು ಪಕ್ಕದಲ್ಲಿ ನಿಂತು ಕನ್ನಡಕ್ಕೆ ತಿರುಗಿಸಿ ಹೇಳಿದೆ. ಅಮ್ಮ ತಲೆಯಾಡಿಸಿದಳು. ಮನೆಗೆ ಬಂದ ಮೇಲೆ ಪೆಟ್ಟಿಗೆಯೊಳಗಿನ ಮಡಿಸಿದ ಹಾಳೆ ಬಿಚ್ಚಿ ಮೇಜಿನ ಮೇಲೆ ಹರಡಿದಳು. ಎರಡೂ ಬದಿ ಫ್ರೆಂಚ್, ಇರುವೆ ಸಾಲಿನಂಥ ಅಕ್ಷರ. "ಇದನ್ನ ಪೂರ್ತಿ ಕನ್ನಡದಲ್ಲಿ ಬರೆದುಕೊಡೆ. ನೀನು ಆಫೀಸಿಗೆ ಹೋದಾಗ ನಾನು ಯಾರನ್ನ ಕೇಳಲಿ?" ಎಂದಳು.

ನನ್ನ ಹೊಟ್ಟೆಪಾಡೇ ಅನುವಾದ. ಆದರೆ ಅದು ಫ್ರೆಂಚ್‌ನಿಂದ ಇಂಗ್ಲಿಷಿಗೆ, ಅದೂ ಯಂತ್ರಗಳ ಕೈಪಿಡಿ. ಕನ್ನಡಕ್ಕೆ ಕೈ ಹಾಕಿದ್ದು ಇದೇ ಮೊದಲು. ಒಂದು ಶನಿವಾರದ ಕೆಲಸ ಅಂದುಕೊಂಡೆ. ಮೂರು ವಾರ ಹಿಡಿಯಿತು.

ಫ್ರಾನ್ಸಿನಲ್ಲಿ ಈ ಹಾಳೆಗೆ 'ನೋಟೀಸ್' ಎನ್ನುತ್ತಾರೆ. ಯುರೋಪಿನಲ್ಲಿ ಎಲ್ಲ ಔಷಧಗಳಿಗೂ ಒಂದೇ ಅಚ್ಚು, ಆರು ಭಾಗ. ಇದು ಯಾವ ಔಷಧ, ತೆಗೆದುಕೊಳ್ಳುವ ಮೊದಲು ಏನು ತಿಳಿದಿರಬೇಕು, ಹೇಗೆ ತೆಗೆದುಕೊಳ್ಳಬೇಕು, ಅಡ್ಡಪರಿಣಾಮಗಳೇನು, ಎಲ್ಲಿಡಬೇಕು, ಪೆಟ್ಟಿಗೆಯಲ್ಲಿ ಏನಿದೆ. ಹಾಗಾಗಿ ದಾರಿ ಗೊತ್ತಿತ್ತು. ರೋಗದ ಹೆಸರು, ಅಂಗದ ಹೆಸರು, ರಾಸಾಯನಿಕದ ಹೆಸರು ಇವೇ ಕಷ್ಟ ಕೊಡುತ್ತವೆ ಎಂದು ಹೆದರಿದ್ದೆ. ಅವು ಅಷ್ಟೇನೂ ಕಾಡಲಿಲ್ಲ. ಲಿವರ್, ಕಿಡ್ನಿ ಎಂದು ಬರೆದರೆ ಯಕೃತ್ತು, ಮೂತ್ರಪಿಂಡ ಎನ್ನುವುದಕ್ಕಿಂತ ಅಮ್ಮನಿಗೆ ಬೇಗ ಹತ್ತುತ್ತದೆ. ಔಷಧಗಳ ಹೆಸರನ್ನು ಕನ್ನಡ ಲಿಪಿಯಲ್ಲಿ ಬರೆದು, ಪಕ್ಕದಲ್ಲಿ ಮಾತ್ರೆ ಪಟ್ಟಿಯ ಮೇಲಿರುವ ಹಾಗೇ ರೋಮನ್ ಅಕ್ಷರದಲ್ಲೂ ಬರೆದೆ. ಅಮ್ಮ ಅಕ್ಷರಕ್ಕೆ ಅಕ್ಷರ ಹೋಲಿಸಿ ನೋಡಬಲ್ಲಳು. ಕಾಡಿದ್ದೆಲ್ಲ ಚಿಕ್ಕ ಪದಗಳು.

ಮೊದಲನೆಯದು 'ವಾರ'.

ಮೆಥೊಟ್ರೆಕ್ಸೇಟ್ ವಿಷಯದಲ್ಲಿ ಜನರ ಪ್ರಾಣ ತೆಗೆಯುವ ತಪ್ಪು ಒಂದಿದೆ: ವಾರಕ್ಕೊಮ್ಮೆ ತೆಗೆದುಕೊಳ್ಳಬೇಕಾದ್ದನ್ನು ದಿನಾ ತೆಗೆದುಕೊಳ್ಳುವುದು. ಈ ಔಷಧ ಜೀವಕೋಶಗಳು ಹೆಚ್ಚುವುದನ್ನು ತಡೆಯುತ್ತದೆ. ವಾರಕ್ಕೊಮ್ಮೆ ಸ್ವಲ್ಪ ಕೊಟ್ಟರೆ ಕೀಲಿನ ಉರಿಯೂತ ತಗ್ಗುತ್ತದೆ. ದಿನಾ ಕೊಟ್ಟರೆ ಎಲುಬಿನ ಮಜ್ಜೆಗೆ ಚೇತರಿಸಿಕೊಳ್ಳಲು ಬಿಡುವೇ ಸಿಗುವುದಿಲ್ಲ. ಬಿಳಿ ರಕ್ತಕಣ ಇಳಿಯುತ್ತದೆ, ಬಾಯಿ ಮತ್ತು ಕರುಳಿನ ಒಳಪದರ ಕಿತ್ತುಹೋಗುತ್ತದೆ. ಇಂಥ ಪ್ರಕರಣಗಳು ನಿಲ್ಲದೇ ಇದ್ದದ್ದರಿಂದ 2019ರಲ್ಲಿ ಯುರೋಪಿನ ಔಷಧ ಸಂಸ್ಥೆ ಹೊಸ ಕಟ್ಟುಪಾಡು ತಂದಿತು. ಪೆಟ್ಟಿಗೆಯ ಮೇಲೆ ಎದ್ದು ಕಾಣುವ ಎಚ್ಚರಿಕೆ ಇರಬೇಕು, ಮಾತ್ರೆ ತೆಗೆದುಕೊಳ್ಳುವ ದಿನವನ್ನು ಪೂರ್ತಿ ಅಕ್ಷರದಲ್ಲಿ ಬರೆಯಲು ಜಾಗ ಇರಬೇಕು, ರೋಗಿಗೆ ಒಂದು ಕಾರ್ಡ್ ಕೊಡಬೇಕು. ಪೂರ್ತಿ ಅಕ್ಷರ ಯಾಕೆ ಎಂದು ಫ್ರೆಂಚ್ ಗೊತ್ತಿದ್ದವರಿಗೆ ಕೂಡಲೇ ಹೊಳೆಯುತ್ತದೆ. 'ಎಮ್' ಎಂದಷ್ಟೇ ಬರೆದರೆ ಅದು ಮಾರ್ದಿ ಇರಬಹುದು, ಮೆರ್‌ಕ್ರೆದಿ ಇರಬಹುದು, ಮಾತ್ಯಾಂ ಅಂದರೆ ಬೆಳಗ್ಗೆಯೂ ಇರಬಹುದು. ಬೆಳಗ್ಗೆ ಎಂದು ಓದಿಕೊಂಡರೆ ಮುಗಿಯಿತು, ದಿನಾ ಬೆಳಗ್ಗೆ ನುಂಗುತ್ತಾರೆ.

ನಾನು ಮೊದಲ ಕರಡಿನಲ್ಲಿ ಬರೆದದ್ದು ಹೀಗಿತ್ತು: "ವಾರಕ್ಕೆ ಒಂದು ಸಲ ಮಾತ್ರ ತೆಗೆದುಕೊಳ್ಳಿ." ಅದರ ಕೆಳಗೆ ಡಾಕ್ಟರ ಚೀಟಿ ನೋಡಿಕೊಂಡು "ನಿಮಗೆ: ವಾರಕ್ಕೆ 4 ಮಾತ್ರೆ" ಎಂದು ಸೇರಿಸಿದ್ದೆ. ಸರಿಯಾಗೇ ಇದೆ ಅಲ್ವಾ?

ಅಮ್ಮನಿಗೆ ಓದಲು ಕೊಟ್ಟೆ. "ಅರ್ಥ ಆಯ್ತಾ?" ಎಂದು ಕೇಳಲಿಲ್ಲ. ಹಾಗೆ ಕೇಳಿದರೆ ಯಾರೇ ಆದರೂ "ಹೂಂ" ಅನ್ನುತ್ತಾರೆ. "ಹಾಗಾದ್ರೆ ಈ ವಾರ ನೀನು ಏನೇನ್ ಮಾಡ್ತೀಯ, ಡಬ್ಬಿಗೆ ಹಾಕಿ ತೋರಿಸು" ಎಂದೆ. ಏಳು ದಿನದ ಏಳು ಖಾನೆಯ ಡಬ್ಬಿ. ಅಮ್ಮ ಸೋಮವಾರಕ್ಕೆ ಒಂದು ಹಾಕಿದಳು, ಬುಧವಾರಕ್ಕೆ ಒಂದು, ಶುಕ್ರವಾರಕ್ಕೆ ಒಂದು, ಭಾನುವಾರಕ್ಕೆ ಒಂದು.

ನನಗೆ ಬೆವರು ಬಂತು. "ಯಾಕಮ್ಮ ಹೀಗೆ?"

"ವಾರಕ್ಕೆ ನಾಲ್ಕು ಅಂತ ನೀನೇ ಬರ್ದಿದೀಯಲ್ಲ. ಒಂದು ಸಲಕ್ಕೆ ಒಂದು ಮಾತ್ರೆ ಅಂತಾನೂ ಇದೆ."

ಮತ್ತೆ ಓದಿ ನೋಡಿದೆ. 'ಒಂದು ಸಲ ಮಾತ್ರ' ಎನ್ನುವ ಕಡೆ ಅವಳ ಕಣ್ಣು 'ಮಾತ್ರ'ವನ್ನು 'ಮಾತ್ರೆ' ಎಂದು ಓದಿತ್ತು. ಮಾತ್ರೆಯ ಹಾಳೆಯಲ್ಲಿ 'ಮಾತ್ರ' ಎನ್ನುವ ಪದ ಹಾಕಿದ್ದು ನನ್ನದೇ ದಡ್ಡತನ. ಒಂದು ಏತ್ವದ ಅಂತರ. ಹಾಗೆ ಓದಿಕೊಂಡ ಮೇಲೆ ವಾರಕ್ಕೆ ನಾಲ್ಕು, ಸಲಕ್ಕೆ ಒಂದು ಎಂದು ಅವಳು ಹಂಚಿದ್ದು ಸರಿಯಾದ ಲೆಕ್ಕವೇ.

ಆಮೇಲೆ ಇನ್ನೊಂದು ತೊಡಕು ಕಂಡಿತು. ಕನ್ನಡದಲ್ಲಿ ವಾರ ಎಂದರೆ ಏಳು ದಿನವೂ ಹೌದು, ಒಂದು ದಿನವೂ ಹೌದು. "ಇವತ್ತು ಯಾವ ವಾರ?" ಎಂದು ಕೇಳಿದರೆ ನಾವು ಹೇಳುವುದು ದಿನದ ಹೆಸರು. ಅಮ್ಮನಿಗಂತೂ ಶನಿವಾರ 'ವಾರ', ಆವತ್ತು ಒಂದೇ ಹೊತ್ತು ಊಟ. "ಪ್ರತಿ ವಾರವೂ ತಪ್ಪದೆ" ಎಂದು ನಾನು ಮುಂದೊಂದು ಕಡೆ ಬರೆದಿದ್ದೆ. ಅದನ್ನು ಸೋಮವಾರ, ಮಂಗಳವಾರ ಎಂದು ದಿನಾ ತಪ್ಪದೆ ಎಂದು ಯಾರಾದರೂ ಓದಿಕೊಂಡರೆ ತಪ್ಪು ಅವರದಲ್ಲ. ಫ್ರೆಂಚ್‌ನ 'ಸ್ಮೆನ್' ಎಂಬ ಪದಕ್ಕೆ ಈ ಗೊಂದಲವಿಲ್ಲ. ಅದು ಏಳು ದಿನ, ಅಷ್ಟೇ.

ಇದರ ಜೊತೆಗೆ ಅಮ್ಮನ ನಲವತ್ತು ವರ್ಷದ ಅಭ್ಯಾಸ ಬೇರೆ. ನಮ್ಮ ಕಡೆ ಚೀಟಿಯಲ್ಲಿ 1-0-1 ಎಂದು ಬರೆಯುತ್ತಾರೆ. ಬೆಳಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು. ಆ ಮೂರು ಅಂಕಿಯಲ್ಲಿ ವಾರ ಎನ್ನುವುದಕ್ಕೆ ಜಾಗವೇ ಇಲ್ಲ. ಮಾತ್ರೆ ಅಂದರೆ ದಿನಾ ನುಂಗುವುದು ಎನ್ನುವುದು ತಲೆಯಲ್ಲಿ ಅಚ್ಚೊತ್ತಿದೆ. ಅದನ್ನು ಒಂದು ಸಾಲಿನಿಂದ ಅಳಿಸಲಾಗುವುದಿಲ್ಲ.

ಇಲ್ಲೇ ನಾನು ಕೆಲಸವನ್ನು ಎರಡು ಮಾಡಿದೆ. ಒಂದು, ಹಾಳೆಯ ಅನುವಾದ. ಅದರಲ್ಲಿ ಇಲ್ಲದ್ದನ್ನು ಸೇರಿಸುವ ಹಾಗಿಲ್ಲ, ಇದ್ದದ್ದನ್ನು ಬಿಡುವ ಹಾಗಿಲ್ಲ. ಅಮ್ಮನ ಪ್ರಮಾಣವನ್ನು ನಾನು ಅದರೊಳಗೆ ತೂರಿಸಿದ್ದೇ ತಪ್ಪು. ನಾಳೆ ಡಾಕ್ಟರು ಪ್ರಮಾಣ ಬದಲಿಸಿದರೆ ಹಾಳೆ ಸುಳ್ಳು ಹೇಳುತ್ತದೆ. ಇನ್ನೊಂದು, ಅಮ್ಮನಿಗೆಂದೇ ಒಂದು ರಟ್ಟಿನ ಕಾರ್ಡು. ಅವಳ ದಿನ, ಅವಳ ಪ್ರಮಾಣ ಅದರಲ್ಲಿ. ದಿನ ಯಾವುದಿರಲಿ ಎಂದು ಅವಳನ್ನೇ ಕೇಳಿದೆ. ಶನಿವಾರ ಬೇಡ ಎಂದಳು. ಗುರುವಾರ ಎಂದು ಗೊತ್ತಾಯಿತು. ಡಾಕ್ಟರೂ ಆಗಲಿ ಎಂದರು.

ಹಾಳೆಯ ವಾಕ್ಯ ಕೊನೆಗೆ ಹೀಗಾಯಿತು: "ಈ ಔಷಧವನ್ನು ಏಳು ದಿನಕ್ಕೆ ಒಂದೇ ದಿನ ತೆಗೆದುಕೊಳ್ಳಿ. ಯಾವಾಗಲೂ ಅದೇ ದಿನ ತೆಗೆದುಕೊಳ್ಳಿ. ದಿನಾ ತೆಗೆದುಕೊಳ್ಳಬೇಡಿ." ಕಾರ್ಡಿನ ವಾಕ್ಯ: "ಗುರುವಾರ ರಾತ್ರಿ ಊಟ ಆದ ಮೇಲೆ 4 ಮಾತ್ರೆ. ನಾಲ್ಕನ್ನೂ ಒಂದೇ ಹೊತ್ತಿಗೆ. ಶುಕ್ರವಾರದಿಂದ ಬುಧವಾರದವರೆಗೆ ಈ ಮಾತ್ರೆ ಮುಟ್ಟಬೇಡ." ಮತ್ತೆ ಡಬ್ಬಿ ಕೊಟ್ಟೆ. ಗುರುವಾರದ ಖಾನೆಗೆ ನಾಲ್ಕೂ ಬಿದ್ದವು.

ಎರಡನೆಯ ತೊಂದರೆ ಕನ್ನಡ ವಾಕ್ಯದ ಬಾಲದಲ್ಲಿತ್ತು. ಫ್ರೆಂಚ್ ಹಾಳೆ 'ಎಂದಿಗೂ ತೆಗೆದುಕೊಳ್ಳಬೇಡಿ' ಎಂಬುದನ್ನು ಮೊದಲೇ ಹೇಳಿ, ಆಮೇಲೆ ಯಾರ್ಯಾರು ಎಂದು ಪಟ್ಟಿ ಕೊಡುತ್ತದೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ. ನಾನು ಒಂದೇ ಉಸಿರಿನಲ್ಲಿ ಲಿವರ್ ಕಾಯಿಲೆ ಇದ್ದರೆ, ಕಿಡ್ನಿ ಹೀಗಿದ್ದರೆ, ಗರ್ಭಿಣಿಯಾಗಿದ್ದರೆ, ಹಾಲೂಡಿಸುತ್ತಿದ್ದರೆ ಎಂದು ಎಂಟು ಸಾಲು ಬರೆದು, ಕಟ್ಟಕಡೆಗೆ 'ತೆಗೆದುಕೊಳ್ಳಬೇಡಿ' ಎಂದು ಮುಗಿಸಿದ್ದೆ. ಅಲ್ಲಿಗೆ ಬರುವಷ್ಟರಲ್ಲಿ ಓದುವವರ ಉಸಿರು ಹೋಗಿರುತ್ತದೆ. ಅದಕ್ಕಿಂತ ಕೆಟ್ಟದ್ದು, 'ತೆಗೆದುಕೊಳ್ಳಬೇಕು' ಮತ್ತು 'ತೆಗೆದುಕೊಳ್ಳಬೇಡಿ' ಇವೆರಡರ ನಡುವೆ ಇರುವ ವ್ಯತ್ಯಾಸ ಕೊನೆಯ ಒಂದೇ ಅಕ್ಷರ. ಕನ್ನಡಕ ಹಾಕದೆ ಓದಿದರೆ ಮಾಡು ಎಂಬುದೂ ಮಾಡಬೇಡ ಎಂಬುದೂ ಒಂದೇ ಥರ ಕಾಣುತ್ತವೆ.

ಹಾಗಾಗಿ ವ್ಯಾಕರಣವನ್ನು ಸ್ವಲ್ಪ ಬಗ್ಗಿಸಿದೆ. ಮೇಲೆ ದಪ್ಪ ಅಕ್ಷರದಲ್ಲಿ "ಈ ಮಾತ್ರೆ ಬೇಡವೇ ಬೇಡ" ಎಂದು ಬರೆದು, ಕೆಳಗೆ "ಇವುಗಳಲ್ಲಿ ಯಾವುದಾದರೂ ಒಂದು ಇದ್ದರೂ ಸಾಕು" ಎಂದು ಹಾಕಿ ಪಟ್ಟಿ ಕೊಟ್ಟೆ. 'ಒಂದು ಇದ್ದರೂ ಸಾಕು' ಎನ್ನುವುದು ಸುಮ್ನೆ ಸೇರಿಸಿದ್ದಲ್ಲ. ಮೊದಲ ಕರಡಿನಲ್ಲಿ 'ಮತ್ತು' ಎಂದಿತ್ತು. ಲಿವರ್ ಕಾಯಿಲೆ ಮತ್ತು ಕಿಡ್ನಿ ಕಾಯಿಲೆ ಇದ್ದರೆ ಎಂದರೆ ಎರಡೂ ಇರಬೇಕೇನೋ ಎನಿಸುತ್ತದೆ. ಫ್ರೆಂಚ್ ಹೇಳುವುದು 'ಅಥವಾ'. ಕಿಡ್ನಿಯದೇ ಇನ್ನೊಂದು ಕಥೆ. 'ಕಿಡ್ನಿ ಕೊರತೆ' ಎಂದು ಪದಕ್ಕೆ ಪದ ಬರೆದಿದ್ದೆ. ಅಮ್ಮ "ನಂಗೆ ಎರಡೂ ಇದೆಯಲ್ಲ" ಎಂದಳು. ಅದನ್ನು "ಕಿಡ್ನಿ ತೀರಾ ಕಡಿಮೆ ಕೆಲಸ ಮಾಡುತ್ತಿದ್ದರೆ" ಎಂದು ಬದಲಿಸಿದೆ.

ಎಚ್ಚರಿಕೆಗಳಲ್ಲೂ ಮೆಟ್ಟಿಲುಗಳಿವೆ. ಎಂದಿಗೂ ಬೇಡ, ಬೇಡ, ಸಲಹೆ ಮಾಡುವುದಿಲ್ಲ, ಎಚ್ಚರ ಇರಲಿ, ಹೀಗೆ ಫ್ರೆಂಚ್ ಒಂದೊಂದಕ್ಕೂ ಒಂದೊಂದು ಮಾತು ಇಟ್ಟುಕೊಂಡಿದೆ. ನಾನು ಮೊದಮೊದಲು ಓದಲು ಚೆನ್ನಾಗಿರಲಿ ಎಂದು ಮಾತು ಬದಲಿಸುತ್ತಾ ಹೋದೆ. ಒಂದು ಕಡೆ 'ಬಾರದು', ಇನ್ನೊಂದು ಕಡೆ 'ಒಳ್ಳೆಯದಲ್ಲ', ಮತ್ತೊಂದು ಕಡೆ 'ಬೇಡಿ'. ಕಥೆಯಲ್ಲಾದರೆ ಇದು ಶೈಲಿ. ಇಲ್ಲಿ ಅದು ಮೋಸ. 'ಒಳ್ಳೆಯದಲ್ಲ' ಎಂದರೆ ನಮ್ಮಲ್ಲಿ ಹಬ್ಬದ ದಿನ ಸ್ವಲ್ಪ ನಡೆಯುತ್ತದೆ ಎಂದರ್ಥ. ಒಂದು ಚೀಟಿಯಲ್ಲಿ ಜೋಡಿ ಬರೆದುಕೊಂಡು ಗೋಡೆಗೆ ಅಂಟಿಸಿಕೊಂಡೆ. ಈ ಫ್ರೆಂಚ್ ಮಾತಿಗೆ ಈ ಕನ್ನಡ ಮಾತು, ಕೊನೆಯ ತನಕ ಅದೇ.

ಇನ್ನು ಫ್ರೆಂಚ್‌ನ ಒಂದು ಕಳ್ಳ ಪದದ ವಿಷಯ. 'ನ' ಎಂಬುದು ಸಾಮಾನ್ಯವಾಗಿ 'ಇಲ್ಲ' ಎನ್ನುವುದರ ಅರ್ಧ ಭಾಗ. ಆದರೆ ಕೆಲವು ಕಡೆ ಅದು ಅರ್ಥವೇ ಇಲ್ಲದೆ ಸುಮ್ಮನೆ ಬಂದು ಕೂರುತ್ತದೆ. ಮಾತ್ರೆ ಜಾಸ್ತಿಯಾದರೆ ಏನು ಮಾಡಬೇಕು ಎಂಬ ಭಾಗದ ತಲೆಬರಹದಲ್ಲೇ ಅದು ಇದೆ. ಹಾಗೇ ನೋಡಿದರೆ 'ತೆಗೆದುಕೊಳ್ಳಬಾರದಾಗಿದ್ದಕ್ಕಿಂತ ಜಾಸ್ತಿ ತೆಗೆದುಕೊಂಡರೆ' ಎನ್ನುವ ಹಾಗಿದೆ. ನಿಜವಾದ ಅರ್ಥ 'ತೆಗೆದುಕೊಳ್ಳಬೇಕಾದ್ದಕ್ಕಿಂತ ಜಾಸ್ತಿ ತೆಗೆದುಕೊಂಡರೆ'. ಇಲ್ಲಿ ಎಡವಿದರೆ ವಾಕ್ಯವೇ ಅಡ್ಡಾದಿಡ್ಡಿಯಾಗಿ ಕಣ್ಣಿಗೆ ಬೀಳುತ್ತದೆ, ತಪ್ಪು ಸಿಕ್ಕಿಬೀಳುತ್ತದೆ. 'ಡಾಕ್ಟರು ಹೇಳಿದ ಹೊರತು' ಎನ್ನುವ ಕಡೆ ಅದೇ 'ನ' ಬಂದಾಗ ಅಪಾಯ ಜಾಸ್ತಿ. ಅಲ್ಲಿ 'ಡಾಕ್ಟರು ಹೇಳದ ಹೊರತು' ಎಂದು ಬರೆದರೂ ಕನ್ನಡ ಕಿವಿಗೆ ಸರಿಯಾಗೇ ಕೇಳುತ್ತದೆ, ಯಾರು ಯಾವ ಅರ್ಥದಲ್ಲಿ ಓದಿಕೊಳ್ಳುತ್ತಾರೋ ಹೇಳಲಾಗುವುದಿಲ್ಲ. 'ಹೊರತು' ಎಂಬ ಪದವನ್ನೇ ಕೈಬಿಟ್ಟೆ. "ಬೇಡಿ. ಡಾಕ್ಟರು ತೆಗೆದುಕೊಳ್ಳಿ ಎಂದರೆ ಆಗ ತೆಗೆದುಕೊಳ್ಳಿ" ಎಂದು ಎರಡು ವಾಕ್ಯ ಮಾಡಿದೆ. ಉದ್ದವಾಯಿತು, ಆಗಲಿ.

ಅಂಕಿಯಲ್ಲಿ ಒಂದೇ ಒಂದು ಮಾತು. ಪೆಟ್ಟಿಗೆಯ ಮೇಲೆ 2,5 ಎಂದಿದೆ, ನಡುವೆ ಅಲ್ಪವಿರಾಮ. ನಮಗೆ ಅಂಕಿಯೊಳಗಿನ ಅಲ್ಪವಿರಾಮ ಎಂದರೆ ಸಾವಿರ, ಲಕ್ಷ ಬಿಡಿಸುವ ಗುರುತು. ಕಣ್ಣು ಅದನ್ನು ಬಿಟ್ಟು 25 ಎಂದೇ ಓದುತ್ತದೆ. ನಾನು ಎಲ್ಲ ಕಡೆ "2.5 (ಎರಡೂವರೆ)" ಎಂದು ಬರೆದು, ಪೆಟ್ಟಿಗೆಯ ಮೇಲೆ ಹೀಗೆ ಅಚ್ಚಾಗಿದೆ ಎಂದು 2,5 ಅನ್ನೂ ತೋರಿಸಿದೆ.

ಅಡ್ಡಪರಿಣಾಮಗಳ ಭಾಗಕ್ಕೆ ಬಂದಾಗ ಕೆಲಸ ಸಲೀಸು ಎನಿಸಿತು. 'ಹತ್ತರಲ್ಲಿ ಒಬ್ಬರವರೆಗೆ' ಎನ್ನುವ ವಿಚಿತ್ರ ಮಾತನ್ನು "ಹತ್ತು ಜನ ತೆಗೆದುಕೊಂಡರೆ ಹೆಚ್ಚೆಂದರೆ ಒಬ್ಬರಿಗೆ" ಎಂದು ಬಿಡಿಸಿದೆ. ಒಣ ಕೆಮ್ಮು, ಏದುಸಿರು, ಜ್ವರ, ಗಂಟಲು ನೋವು, ಬಾಯಿಹುಣ್ಣು. ಎಲ್ಲ ನಮ್ಮ ಮನೆಯ ಪದಗಳು. ಅಮ್ಮ ಓದುತ್ತಾ ಹೋದಳು. ಬಾಯಿಹುಣ್ಣಿಗೆ ಬಂದಾಗ "ಇದು ಬಿಡು, ಉಷ್ಣಕ್ಕೆ ಆಗತ್ತೆ, ಮಜ್ಜಿಗೆ ಕುಡಿದ್ರೆ ಹೋಗತ್ತೆ" ಎಂದು ಮುಂದಿನ ಸಾಲಿಗೆ ಜಾರಿದಳು.

ನಾನು ಅಲ್ಲೇ ನಿಂತುಬಿಟ್ಟೆ. ಅನುವಾದದಲ್ಲಿ ಒಂದು ತಪ್ಪೂ ಇಲ್ಲ. ಆದರೂ ಎಚ್ಚರಿಕೆ ತಲುಪಲೇ ಇಲ್ಲ. ಮೆಥೊಟ್ರೆಕ್ಸೇಟ್ ಮೈಯಲ್ಲಿ ಜಾಸ್ತಿಯಾಗುತ್ತಿದೆ ಎಂದು ಹೇಳುವ ಮೊದಮೊದಲ ಗುರುತುಗಳಲ್ಲಿ ಬಾಯಿಹುಣ್ಣು ಒಂದು. ನಮ್ಮಲ್ಲಿ ಅದಕ್ಕೆ ಆಗಲೇ ಒಂದು ಕಾರಣ ಸಿದ್ಧವಾಗಿದೆ, ಮದ್ದೂ ಸಿದ್ಧವಾಗಿದೆ. ಎಳನೀರು, ಮಜ್ಜಿಗೆ, ಹಚ್ಚಲು ತುಪ್ಪ. ಫ್ರೆಂಚರಿಗೆ ಉಷ್ಣ ಗೊತ್ತಿಲ್ಲ, ಹಾಗಾಗಿ ಅವರ ಹಾಳೆ ಅದನ್ನು ಅಲ್ಲಗಳೆಯುವುದೂ ಇಲ್ಲ. ಹಾಳೆಯಲ್ಲಿ ನಾನು ಸೇರಿಸುವ ಹಾಗಿರಲಿಲ್ಲ. ಕಾರ್ಡಿನಲ್ಲಿ ಸೇರಿಸಿದೆ: "ಬಾಯಿಹುಣ್ಣು ಬಂದರೆ ಉಷ್ಣ ಎಂದು ಸುಮ್ಮನಿರಬೇಡ. ಮುಂದಿನ ಗುರುವಾರದ ಮಾತ್ರೆ ನುಂಗುವ ಮೊದಲು ಡಾಕ್ಟರಿಗೆ ಹೇಳು."

ಸಾವಿನ ಮಾತಿಗೆ ಜಗಳವೇ ಆಯಿತು. ತಪ್ಪಾಗಿ ದಿನಾ ತೆಗೆದುಕೊಂಡರೆ ಸಾವು ಬರಬಹುದು ಎಂದು ಹಾಳೆ ನೇರವಾಗಿ ಹೇಳುತ್ತದೆ. ನಾನೂ ನೇರವಾಗಿ ಬರೆದಿದ್ದೆ. ಅಮ್ಮ "ಬಿಡ್ತು ಅನ್ನು! ಔಷಧಿ ಕಾಗದದ ಮೇಲೆ ಇಂಥ ಮಾತು ಬರೀತಾರಾ?" ಎಂದಳು. 'ಪ್ರಾಣಾಪಾಯ' ಎಂದು ಮಾಡು ಎಂದಳು. ಆ ಪದ ನಮ್ಮಲ್ಲಿ ಸವೆದುಹೋಗಿದೆ. ಕರೆಂಟು ಕಂಬದ ಮೇಲೆ, ಟಿವಿಯಲ್ಲಿ, ಎಲ್ಲ ಕಡೆ ಪ್ರಾಣಾಪಾಯವೇ. ಸಾವು ಎಂದು ಓದಿದಾಗ ಅವಳು ಬೆಚ್ಚಿದಳಲ್ಲ, ಆ ಪದ ಅಲ್ಲಿರುವುದೇ ಅದಕ್ಕೆ. ಉಳಿಸಿಕೊಂಡೆ. "ಬಿಡ್ತು" ಎಂದು ಬಾಯಲ್ಲಿ ಹೇಳಿದೆ, ಅಷ್ಟಕ್ಕೆ ಸಮಾಧಾನವಾಯಿತು.

ಕೊನೆಗೆ ಪರೀಕ್ಷೆ. ಲಿಯೋನ್‌ನಲ್ಲಿ ನನ್ನ ಗೆಳತಿಯೊಬ್ಬಳಿದ್ದಾಳೆ, ಧಾರವಾಡದವಳು. ಫ್ರೆಂಚ್ ಮೂಲವನ್ನು ತೋರಿಸದೆ ನನ್ನ ಕನ್ನಡವನ್ನಷ್ಟೇ ಅವಳಿಗೆ ಕಳಿಸಿದೆ. ಮರಳಿ ಫ್ರೆಂಚ್ ಮಾಡಿಕೊಡು ಎಂದೆ. ಅದನ್ನು ಒಯ್ದು ಅದೇ ಫಾರ್ಮಸಿಸ್ಟ್ ಮುಂದೆ ಇಟ್ಟೆ. ಅವರಿಗೆ ಕನ್ನಡ ಬರುವುದಿಲ್ಲ, ನನ್ನ ಕೆಲಸವನ್ನು ಅವರು ತೂಗಿ ನೋಡಲು ಇದೊಂದೇ ದಾರಿ. ಮೂಲವನ್ನು ಪಕ್ಕದಲ್ಲಿಟ್ಟುಕೊಂಡು ಪೆನ್ನು ಹಿಡಿದು ಓದಿದರು. ಎರಡು ಕಡೆ ಗೆರೆ ಎಳೆದರು. ಒಂದು, ಜ್ವರ ಬಂದರೆ 'ತಕ್ಷಣ' ಡಾಕ್ಟರನ್ನು ಕಾಣಿ ಎಂದು ಮೂಲದಲ್ಲಿದ್ದದ್ದು, ತಿರುಗಿ ಬರುವಾಗ 'ಸದ್ಯದಲ್ಲೇ' ಆಗಿತ್ತು. ನಾನು 'ಬೇಗ' ಎಂದು ಬರೆದಿದ್ದೆ. ನಮ್ಮ ಬೇಗ ಎಷ್ಟು ಬೇಗ ಎಂದು ಯಾರಿಗೆ ಗೊತ್ತು! "ಅವತ್ತೇ, ನಾಳೆಗೆ ಬಿಡದೆ" ಎಂದು ತಿದ್ದಿದೆ. ಇನ್ನೊಂದು, ಮರೆತ ಮಾತ್ರೆಯ ಬಗ್ಗೆ. 'ಎರಡರಷ್ಟು ತೆಗೆದುಕೊಳ್ಳಬೇಡಿ' ಎಂಬುದನ್ನು ನಾನು 'ಎರಡು ತೆಗೆದುಕೊಳ್ಳಬೇಡಿ' ಎಂದು ಬರೆದಿದ್ದೆ. ಒಂದು ಸಲಕ್ಕೆ ನಾಲ್ಕು ನುಂಗುವವಳಿಗೆ ಎರಡು ಬೇಡ ಎಂದರೆ ಏನು ಅರ್ಥ? "ಮರೆತದ್ದನ್ನು ಮುಂದಿನ ಸಲದ ಮಾತ್ರೆಗೆ ಸೇರಿಸಿ ನುಂಗಬೇಡಿ" ಎಂದಾಯಿತು.

ಆರು ತಿಂಗಳು ಚೆನ್ನಾಗಿ ನಡೆಯಿತು. ಲೋಟ ಹಿಡಿಯುವುದು ಸುಲಭವಾಯಿತು, ರಕ್ತ ಪರೀಕ್ಷೆಗಳೂ ಸರಿಯಾಗಿ ಬಂದವು. ಅಮ್ಮ ದಸರಾಕ್ಕೆ ಶಿವಮೊಗ್ಗಕ್ಕೆ ಹೋದಳು. ಕಾರ್ಡು ಬ್ಯಾಗಿನಲ್ಲಿತ್ತು. ಒಯ್ದ ಮಾತ್ರೆ ಮುಗಿದು ಅಲ್ಲೇ ಕೊಂಡಳು. ಬುಧವಾರ ರಾತ್ರಿ ವಿಡಿಯೋ ಕರೆಯಲ್ಲಿ ಪಟ್ಟಿಯನ್ನು ಕ್ಯಾಮೆರಾಕ್ಕೆ ಹಿಡಿದು, "ಇಲ್ಲಿಯ ಮಾತ್ರೆ ನೋಡೆ, ಅಲ್ಲಿಯ ಹಾಗೇ ಹಳದಿ" ಎಂದಳು. ಪಟ್ಟಿಯ ಮೇಲೆ 10 ಮಿಲಿಗ್ರಾಂ ಎಂದಿತ್ತು. ಇಂಡಿಯಾದಲ್ಲಿ ಎರಡೂವರೆಯದೂ ಸಿಗುತ್ತದೆ, ಐದು, ಏಳೂವರೆ, ಹತ್ತು, ಹದಿನೈದರದೂ ಸಿಗುತ್ತದೆ. ನನ್ನ ಕಾರ್ಡು ಹೇಳುತ್ತಿದ್ದದ್ದು "4 ಮಾತ್ರೆ". ಗುರುವಾರ ರಾತ್ರಿ, ಊಟ ಆದ ಮೇಲೆ, ನಾಲ್ಕನ್ನೂ ಒಂದೇ ಹೊತ್ತಿಗೆ. ಅಂದರೆ 40 ಮಿಲಿಗ್ರಾಂ.

"ಅಮ್ಮಾ, ಕಾರ್ಡು ತಗೋ. ಪೆನ್ನು ತಗೋ. ನಾಲ್ಕು ಅಂತ ಇದೆಯಲ್ಲ, ಅದನ್ನ ಹೊಡೆದುಹಾಕು" ಎಂದೆ. ಅವಳು ಹೊಡೆದುಹಾಕಿದಳು. "ಈಗ ಬರ್ಕೋ. ಗುರುವಾರಕ್ಕೆ ಒಟ್ಟು 10 ಮಿಲಿಗ್ರಾಂ. ಪಟ್ಟಿ ಮೇಲೆ 2.5 ಅಂತ ಇದ್ರೆ 4 ಮಾತ್ರೆ. 10 ಅಂತ ಇದ್ರೆ 1 ಮಾತ್ರೆ. ಬೇರೆ ಏನೇ ಇದ್ರೂ ನುಂಗ್ಬೇಡ, ಫೋನ್ ಮಾಡು."

ಅವಳು ನಿಧಾನವಾಗಿ ಬರೆದಳು. ಬರೆದದ್ದನ್ನು ನನಗೆ ಓದಿ ಹೇಳು ಎಂದೆ.